ಪೋರ್ಚುಗೀಸಿನ ಪುರುಷಸಹಿತ ಇನ್ಫಿನಿಟಿವ್: ಬಳಸುವುದು ಹೇಗೆ, ಬೇರೆ ಭಾಷೆಗಳಲ್ಲಿ ಅದು ಏಕಿಲ್ಲ

ಪೋರ್ಚುಗೀಸ್ ಕಲಿಯುತ್ತಿರುವ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಇನ್ಫಿನಿಟಿವ್ ಎಂದರೆ ಯಾರು ಮಾಡಿದರು, ಯಾವಾಗ ಮಾಡಿದರು ಎಂಬುದನ್ನು ಹೇಳದ ಕ್ರಿಯಾರೂಪ ಎಂದು ಪಾಠದ ಮೊದಲ ವಾರದಲ್ಲಿ ಹೇಳಿಕೊಟ್ಟಿರುತ್ತಾರೆ. ಕೆಲವು ತಿಂಗಳ ನಂತರ ಅದೇ ರೂಪಕ್ಕೆ ‘ನಾವು’, ‘ಅವರು’ ಎಂದು ಸೂಚಿಸುವ ಪ್ರತ್ಯಯಗಳು ಅಂಟಿಕೊಂಡು ಎದುರಾಗುತ್ತವೆ. ಆಗ ಇದು ಇನ್ಫಿನಿಟಿವೇ ಅಲ್ಲವೇ, ಇದನ್ನು ಯಾವಾಗ ಬಳಸಬೇಕು, ಸ್ಪ್ಯಾನಿಷ್‌ನಲ್ಲಿ ಇದು ಕಾಣಲಿಲ್ಲವಲ್ಲ ಎಂಬ ಗೊಂದಲ ಹುಟ್ಟುತ್ತದೆ. ಮೊದಲು ಬಳಕೆಯನ್ನು ಹಂತ ಹಂತವಾಗಿ ನೋಡಿ, ಆಮೇಲೆ ಇದು ಇಷ್ಟು ಅಪರೂಪವಾದದ್ದು ಏಕೆ ಎಂಬ ಪ್ರಶ್ನೆಗೆ ಬರೋಣ.

ವಿಷಯ ಹಿಡಿಯಲು ಕನ್ನಡದ ಒಂದು ವಾಕ್ಯ ಸಾಕು: ‘ಹೊರಡುವ ಮೊದಲು ಫೋನ್ ಮಾಡಿ.’ ಹೊರಡುವವರು ಯಾರು? ನೀವೋ, ನಾವೋ, ಮನೆಗೆ ಬಂದ ಅತಿಥಿಗಳೋ? ‘ಹೊರಡುವ’ ಎಂಬ ಪದ ಅದನ್ನು ಹೇಳುವುದಿಲ್ಲ. ಸಂದರ್ಭದಿಂದ ತಿಳಿದುಕೊಳ್ಳುತ್ತೇವೆ, ತಿಳಿಯದಿದ್ದರೆ ‘ಅವರು ಹೊರಡುವ ಮೊದಲು’ ಎಂದು ಕರ್ತೃವನ್ನು ಸೇರಿಸುತ್ತೇವೆ. ಕರ್ತೃ ಸೇರಿದ ಮೇಲೂ ‘ಹೊರಡುವ’ ಬದಲಾಗುವುದಿಲ್ಲ. ನಾನು ಹೊರಡುವ, ನೀವು ಹೊರಡುವ, ಅವರು ಹೊರಡುವ, ಎಲ್ಲವೂ ಒಂದೇ. ಪೋರ್ಚುಗೀಸ್ ಇಂಥ ಜಾಗದಲ್ಲಿಯೇ ಕ್ರಿಯಾಪದದ ಕೊನೆಗೆ ಒಂದು ಗುರುತು ಹಾಕುತ್ತದೆ. ಆ ಗುರುತು ಹೊತ್ತ ರೂಪವನ್ನು ಅಲ್ಲಿನ ವ್ಯಾಕರಣಗಳು ‘ಇನ್ಫಿನಿತಿವೊ ಪೆಸ್ಸೊಆಲ್’ ಎನ್ನುತ್ತವೆ. ಪುರುಷವನ್ನು, ಅಂದರೆ ನಾನು, ನೀನು, ಅವನು ಎಂಬ ಭೇದವನ್ನು ತೋರಿಸುವುದರಿಂದ ಇಲ್ಲಿ ಅದನ್ನು ಪುರುಷಸಹಿತ ಇನ್ಫಿನಿಟಿವ್ ಎಂದು ಕರೆಯುತ್ತೇನೆ.

ಏನು ಗೊತ್ತಿರಬೇಕು

ಕ್ರಿಯಾಪದದ ಮೂಲ ಇನ್ಫಿನಿಟಿವ್ ರೂಪ ಗೊತ್ತಿರಬೇಕು: ‘ಫಲಾರ್’ ಎಂದರೆ ಮಾತನಾಡಲು, ‘ಶೆಗಾರ್’ ಎಂದರೆ ತಲುಪಲು, ‘ಫಜೇರ್’ ಎಂದರೆ ಮಾಡಲು, ‘ಈರ್’ ಎಂದರೆ ಹೋಗಲು. ಸಬ್ಜಂಕ್ಟಿವ್ ಎಂಬ ಹೆಸರಿನ ಪರಿಚಯವೂ ಇರಲಿ. ನಡೆದದ್ದನ್ನು ಹೇಳದೆ, ನಡೆಯಬೇಕಾದದ್ದು, ನಡೆಯಬಹುದಾದದ್ದು ಎಂಬ ಭಾವವನ್ನು ಹೊತ್ತ ಕ್ರಿಯಾರೂಪ ಅದು. ಇಲ್ಲಿ ಪೋರ್ಚುಗೀಸ್ ಪದಗಳನ್ನು ಅವುಗಳ ಕಾಗುಣಿತಕ್ಕೆ ಹತ್ತಿರವಾಗಿ ಬರೆದಿದ್ದೇನೆ. ಉಚ್ಚಾರ ಲಿಸ್ಬನ್‌ನಲ್ಲಿ ಒಂದು ಬಗೆ, ರಿಯೊದಲ್ಲಿ ಇನ್ನೊಂದು ಬಗೆ ಇರುವುದರಿಂದ ಅದನ್ನು ಕೇಳಿಯೇ ಕಲಿಯಬೇಕು.

ಹಂತ 1: ಪ್ರತ್ಯಯಗಳನ್ನು ಕಲಿಯಿರಿ

ಈ ಭಾಗ ಸುಲಭ. ನಾನು ಮತ್ತು ಅವನು ಅಥವಾ ಅವಳು ಎಂಬುವಕ್ಕೆ ಪ್ರತ್ಯಯವೇ ಇಲ್ಲ, ‘ಫಲಾರ್’ ಹಾಗೆಯೇ ಉಳಿಯುತ್ತದೆ. ನೀನು ಎಂಬುದಕ್ಕೆ ‘ಫಲಾರೆಸ್’, ನಾವು ಎಂಬುದಕ್ಕೆ ‘ಫಲಾರ್ಮೊಸ್’, ಅವರು ಎಂಬುದಕ್ಕೆ ‘ಫಲಾರೆಂ’. ಹಳೆಯ ಬಹುವಚನದ ‘ನೀವು’ ಆದ ‘ವೊಸ್’ ಎಂಬುದಕ್ಕೆ ‘ಫಲಾರ್ದೆಸ್’ ಎಂಬ ರೂಪವಿದೆ. ಇಂದು ಅದು ಹೆಚ್ಚಾಗಿ ಪ್ರಾರ್ಥನೆಯ ಭಾಷೆಯಲ್ಲಿ ಮತ್ತು ಪೋರ್ಚುಗಲ್‌ನ ಉತ್ತರ ಭಾಗದ ಕೆಲವರ ಮಾತಿನಲ್ಲಿ ಮಾತ್ರ ಉಳಿದಿದೆ. ಓದಿದರೆ ಗುರುತು ಸಿಕ್ಕರೆ ಸಾಕು.

ಇದಕ್ಕೆ ಅಪವಾದಗಳಿಲ್ಲ. ಬೇರೆ ಕಾಲರೂಪಗಳಲ್ಲಿ ಪೂರ್ತಿ ಮುಖ ಬದಲಿಸಿಕೊಳ್ಳುವ ‘ಸೇರ್’ (ಇರಲು), ‘ಈರ್’, ‘ಫಜೇರ್’ ಕೂಡ ಇಲ್ಲಿ ನೇರವಾಗಿ ಸೇರ್ಮೊಸ್, ಈರ್ಮೊಸ್, ಫಜೇರ್ಮೊಸ್ ಎಂದಾಗುತ್ತವೆ. ಸಬ್ಜಂಕ್ಟಿವ್‌ನ ಕಷ್ಟದ ರೂಪಗಳು ಇನ್ನೂ ಬಾಯಿಗೆ ಬಾರದ ಕಲಿಕೆಗಾರರಿಗೆ ಪುರುಷಸಹಿತ ಇನ್ಫಿನಿಟಿವ್ ನಿಜಕ್ಕೂ ದೊಡ್ಡ ಆಸರೆ. ‘ನಾವು ಮಾಡುವುದು ಒಳ್ಳೆಯದು’ ಎಂಬುದನ್ನು ಸಬ್ಜಂಕ್ಟಿವ್ ಬಳಸಿ ಹೇಳಬೇಕಾದರೆ ‘ಎ ಮೆಲ್ಯೋರ್ ಕೆ ಫಸಾಮೊಸ್’ ಎಂಬ ರೂಪ ನೆನಪಿರಬೇಕು. ‘ಎ ಮೆಲ್ಯೋರ್ ಫಜೇರ್ಮೊಸ್’ ಎನ್ನಲು ಇನ್ಫಿನಿಟಿವ್ ಒಂದು ಗೊತ್ತಿದ್ದರೆ ಆಯಿತು.

ಬ್ರೆಜಿಲ್‌ನ ಪೋರ್ಚುಗೀಸ್ ಕಲಿಯುವವರಿಗೆ ಕೆಲಸ ಇನ್ನೂ ಕಡಿಮೆ. ಅಲ್ಲಿ ಬಹುಭಾಗದಲ್ಲಿ ‘ನೀನು’ ಎಂಬುದಕ್ಕೆ ‘ವೊಸೆ’ ಎನ್ನುತ್ತಾರೆ, ಅದಕ್ಕೆ ‘ಅವನು’ ಎಂಬುದರ ರೂಪವೇ ಹೊಂದುತ್ತದೆ. ‘ನಾವು’ ಎಂಬ ಅರ್ಥದಲ್ಲಿ ಬಳಸುವ ‘ಅ ಜೆಂತೆ’ ಎಂಬುದಕ್ಕೂ ಏಕವಚನದ ರೂಪವೇ. ಹೀಗಾಗಿ ಕಣ್ಣಿಗೆ ಬೀಳುವ ಪ್ರತ್ಯಯಗಳು ‘ಮೊಸ್’ ಮತ್ತು ‘ಎಂ’ ಎರಡೇ.

ಹಂತ 2: ಎಲ್ಲಿ ಬರುತ್ತದೆ ಎಂಬುದನ್ನು ಗುರುತಿಸಿ

ಮುಖ್ಯವಾಗಿ ಎರಡು ಜಾಗಗಳು. ಮೊದಲನೆಯದು ‘ಪಾರ’ (ಸಲುವಾಗಿ), ‘ಸೆಂ’ (ಇಲ್ಲದೆ), ‘ಆಂತೆಸ್ ದೆ’ (ಮೊದಲು), ‘ದೆಪೊಯಿಸ್ ದೆ’ (ನಂತರ), ‘ಅತೆ’ (ವರೆಗೆ) ಮೊದಲಾದ ಸಂಬಂಧಸೂಚಕ ಪದಗಳ ನಂತರ. ‘ಪೆದಿಯು ಪಾರ ಸಾಯೀರ್ಮೊಸ್’ ಎಂದರೆ ‘ನಾವು ಹೊರಗೆ ಹೋಗಬೇಕೆಂದು ಕೇಳಿಕೊಂಡರು’. ಎರಡನೆಯದು ‘ಎ ಮೆಲ್ಯೋರ್’ (ಒಳ್ಳೆಯದು), ‘ಎ ಪ್ರೆಸೀಜೊ’ (ಅಗತ್ಯ) ಎಂಬಂಥ, ನಿರ್ದಿಷ್ಟ ಕರ್ತೃವಿಲ್ಲದ ಮಾತುಗಳ ನಂತರ. ಇವೆರಡನ್ನು ಗಟ್ಟಿ ಮಾಡಿಕೊಂಡರೆ ದಿನಬಳಕೆಯಲ್ಲಿ ಸಿಗುವ ಬಹುಪಾಲು ವಾಕ್ಯಗಳು ಅರ್ಥವಾಗುತ್ತವೆ.

ಎಚ್ಚರಿಕೆ: ‘ಕೇರೊ’, ಅಂದರೆ ‘ನನಗೆ ಬೇಕು’ ಎಂಬುದರ ನಂತರ ಇದು ಬರುವುದಿಲ್ಲ. ‘ನೀನು ಹೋಗಬೇಕೆಂದು ನನ್ನ ಇಚ್ಛೆ’ ಎಂಬುದನ್ನು ‘ಕೇರೊ ಈರೆಸ್’ ಎಂದು ಹೇಳಿದರೆ ತಪ್ಪು. ಅಲ್ಲಿ ‘ಕೇರೊ ಕೆ ವಾಸ್’ ಎಂದು ಸಬ್ಜಂಕ್ಟಿವ್ ಉಪವಾಕ್ಯವೇ ಬೇಕು.

ಹಂತ 3: ಕರ್ತೃಗಳನ್ನು ಎಣಿಸಿ

ವಾಕ್ಯದಲ್ಲಿ ಎರಡು ಕ್ರಿಯೆಗಳಿದ್ದಾಗ ಪ್ರತಿಯೊಂದರ ಕರ್ತೃ ಯಾರು ಎಂದು ಕೇಳಿಕೊಳ್ಳಿ. ಇಬ್ಬರೂ ಬೇರೆ ಬೇರೆಯಾಗಿದ್ದು, ಹಂತ 2ರ ಜಾಗದಲ್ಲಿ ಇನ್ಫಿನಿಟಿವ್ ಬಂದಿದ್ದರೆ ಪ್ರತ್ಯಯ ಹಾಕಿ. ಇಬ್ಬರೂ ಒಬ್ಬರೇ ಆಗಿದ್ದರೆ ಪ್ರತ್ಯಯ ಐಚ್ಛಿಕ: ‘ನಾವು ಮಾತನಾಡದೆ ಹೊರಟೆವು’ ಎಂಬುದಕ್ಕೆ ‘ಸಾಯೀಮೊಸ್ ಸೆಂ ಫಲಾರ್’ ಎಂದರೂ ಸರಿ, ‘ಸೆಂ ಫಲಾರ್ಮೊಸ್’ ಎಂದರೂ ತಪ್ಪಲ್ಲ. ಆದರೆ ಇನ್ಫಿನಿಟಿವ್ ಇರುವ ಭಾಗ ವಾಕ್ಯದ ಮೊದಲಿಗೇ ಬಂದರೆ ಪ್ರತ್ಯಯ ಹಾಕುವುದೇ ಉತ್ತಮ, ಏಕೆಂದರೆ ಕರ್ತೃ ಯಾರೆಂದು ಕೇಳುವವರಿಗೆ ಇನ್ನೂ ತಿಳಿದಿರುವುದಿಲ್ಲ. ‘ತಲುಪಿದಾಗ ದೀಪ ನೋಡಿದೆವು’ ಎನ್ನುವಾಗ ‘ಆವ್ ಶೆಗಾರ್ಮೊಸ್’ ಎಂದು ಆರಂಭಿಸಿದರೆ ‘ನಾವು’ ಎಂಬುದು ಮೊದಲ ಪದಗಳಲ್ಲಿಯೇ ಸ್ಪಷ್ಟವಾಗುತ್ತದೆ.

ಕಲಿತವರು ಅತಿ ಹೆಚ್ಚು ಎಡವುವುದು ಇಲ್ಲಿಯೇ. ಹೊಸದಾಗಿ ಕಲಿತ ಪ್ರತ್ಯಯವನ್ನು ಎಲ್ಲೆಡೆ ಹಚ್ಚುವ ಆಸೆಯಿಂದ ‘ಪೊದೇಮೊಸ್ ಈರ್ಮೊಸ್’ ಎಂದುಬಿಡುತ್ತಾರೆ. ‘ಪೊದೇಮೊಸ್’ ಎಂದರೆ ‘ನಮಗೆ ಸಾಧ್ಯ’. ‘ಹೋಗಬಹುದು’ ಎಂಬುದು ಅಲ್ಲಿ ಒಂದೇ ಕ್ರಿಯಾಗುಚ್ಛ, ಪುರುಷದ ಗುರುತು ಅದರ ಮೊದಲ ಪದದ ಮೇಲೆ ಆಗಲೇ ಬಿದ್ದಿದೆ. ಆದ್ದರಿಂದ ‘ಪೊದೇಮೊಸ್ ಈರ್’ ಮಾತ್ರ ಸರಿ. ಬೇಕು, ಬಹುದು, ಆಗಬೇಕು ಎಂಬ ಅರ್ಥದ ಸಹಾಯಕ ಕ್ರಿಯಾಪದಗಳಿಗೆಲ್ಲ ಇದೇ ನಿಯಮ. ಸಹಾಯಕ ಕ್ರಿಯಾಪದಕ್ಕೂ ಮುಖ್ಯ ಕ್ರಿಯಾಪದಕ್ಕೂ ನಡುವೆ ಹತ್ತು ಪದಗಳು ಬಂದಾಗ ಆ ಭಾಷೆಯಲ್ಲೇ ಹುಟ್ಟಿ ಬೆಳೆದವರ ಬರವಣಿಗೆಯಲ್ಲೂ ಈ ತಪ್ಪು ನುಸುಳುವುದುಂಟು. ಪತ್ರಿಕೆಯಲ್ಲಿ ಕಂಡರೆ ಅದನ್ನು ಮಾದರಿಯೆಂದು ತೆಗೆದುಕೊಳ್ಳಬೇಡಿ.

‘ಮಾಂದಾರ್’ (ಆಜ್ಞಾಪಿಸಲು), ‘ವೇರ್’ (ನೋಡಲು) ಇವುಗಳ ನಂತರದ ಬಳಕೆ ಸ್ವಲ್ಪ ಸೂಕ್ಷ್ಮ. ‘ವಿದ್ಯಾರ್ಥಿಗಳಿಗೆ ಹೊರಹೋಗಲು ಹೇಳಿದೆ’ ಎನ್ನುವಾಗ ವಿದ್ಯಾರ್ಥಿಗಳು ಎಂಬ ನಾಮಪದವಿದ್ದರೆ ‘ಮಾಂದೇಯ್ ಓಸ್ ಅಲೂನೊಸ್ ಸಾಯೀರೆಂ’ ಎಂದು ಪ್ರತ್ಯಯ ಹಾಕಬಹುದು. ಅದರ ಬದಲು ‘ಅವರನ್ನು’ ಎಂಬ ಕಿರು ಸರ್ವನಾಮ ಬಂದರೆ ‘ಮಾಂದೇಯ್-ಒಸ್ ಸಾಯೀರ್’ ಎಂದು ಬರಿಯ ಇನ್ಫಿನಿಟಿವ್ ಬಳಸುವುದೇ ಶಿಷ್ಟ.

ಹಂತ 4: ಸರ್ವನಾಮ ಬೇಕೇ ಎಂದು ನಿರ್ಧರಿಸಿ

‘ಮೊಸ್’ ಇದ್ದಲ್ಲಿ ಕರ್ತೃ ‘ನಾವು’ ಎಂಬುದರಲ್ಲಿ ಸಂಶಯವೇ ಇಲ್ಲ, ಸರ್ವನಾಮವನ್ನು ಬಿಡಬಹುದು. ಪ್ರತ್ಯಯವಿಲ್ಲದ ಏಕವಚನದಲ್ಲಿ ನಾನೋ ಅವನೋ ಎಂಬುದು ತಿಳಿಯುವುದಿಲ್ಲವಾದ್ದರಿಂದ ಸರ್ವನಾಮ ಬೇಕಾಗುತ್ತದೆ. ಆಗ ಬರುವುದು ಕರ್ತೃವಿನ ರೂಪ: ‘ನಾನು ಮಾಡಲು’ ಎಂಬುದು ‘ಪಾರ ಎವು ಫಜೇರ್’. ಬ್ರೆಜಿಲ್‌ನ ಆಡುಮಾತಿನಲ್ಲಿ ‘ಪಾರ ಮಿಂ ಫಜೇರ್’ ಎಂಬುದು ಧಾರಾಳವಾಗಿ ಕೇಳಿಬರುತ್ತದೆ, ಆದರೆ ಶಾಲೆಯಲ್ಲಿ, ಪರೀಕ್ಷೆಯಲ್ಲಿ ಅದನ್ನು ತಪ್ಪೆಂದೇ ಎಣಿಸುತ್ತಾರೆ. ಇನ್ನೊಂದು ಬರವಣಿಗೆಯ ನಿಯಮವಿದೆ. ‘ದೆ’ ಮತ್ತು ‘ಎಲೆ’ (ಅವನು) ಸಾಮಾನ್ಯವಾಗಿ ಕೂಡಿ ‘ದೆಲೆ’ ಆಗುತ್ತವೆ; ಆದರೆ ‘ಎಲೆ’ ಇನ್ಫಿನಿಟಿವ್‌ನ ಕರ್ತೃವಾಗಿರುವಾಗ ‘ಆಂತೆಸ್ ದೆ ಎಲೆ ಶೆಗಾರ್’ ಎಂದು ಬಿಡಿಸಿಯೇ ಬರೆಯಬೇಕೆಂದು ಸಂಪ್ರದಾಯ ಹೇಳುತ್ತದೆ, ಮಾತಿನಲ್ಲಿ ಅದು ಕೂಡಿಯೇ ಕೇಳಿಸಿದರೂ.

ಹಂತ 5: ಅವಳಿಯಂತೆ ಕಾಣುವ ರೂಪದಿಂದ ಬೇರ್ಪಡಿಸಿ

ಪೋರ್ಚುಗೀಸಿನಲ್ಲಿ ಭವಿಷ್ಯತ್ ಸಬ್ಜಂಕ್ಟಿವ್ ಎಂಬ ಇನ್ನೊಂದು ರೂಪವಿದೆ. ‘ಸೆ’ (ಆದರೆ) ಮತ್ತು ‘ಕ್ವಾಂದೊ’ (ಯಾವಾಗ) ಎಂಬುವುಗಳ ನಂತರ, ಮುಂದೆ ನಡೆಯಬಹುದಾದ ಸಂಗತಿಗೆ ಅದು ಬರುತ್ತದೆ. ನಿಯಮಿತ ಕ್ರಿಯಾಪದಗಳಲ್ಲಿ ಇವೆರಡೂ ಅಕ್ಷರಶಃ ಒಂದೇ: ‘ಪಾರ ಫಲಾರ್ಮೊಸ್’ (ನಾವು ಮಾತನಾಡಲು), ‘ಕ್ವಾಂದೊ ಫಲಾರ್ಮೊಸ್’ (ನಾವು ಮಾತನಾಡುವಾಗ). ಆದ್ದರಿಂದ ‘ಫಲಾರ್’ ಇಟ್ಟುಕೊಂಡು ವ್ಯತ್ಯಾಸ ಕಲಿಯಲು ಹೋದರೆ ಏನೂ ಸಿಗದು. ‘ಫಜೇರ್’ ಇಟ್ಟುಕೊಂಡು ಪರೀಕ್ಷಿಸಿ: ‘ಪಾರ ಫಜೇರ್ಮೊಸ್’, ಆದರೆ ‘ಕ್ವಾಂದೊ ಫಿಜೇರ್ಮೊಸ್’. ನಿಮ್ಮ ವಾಕ್ಯದ ಕ್ರಿಯಾಪದದ ಜಾಗದಲ್ಲಿ ಮನಸ್ಸಿನಲ್ಲೇ ‘ಫಜೇರ್’ ಇಟ್ಟು ನೋಡಿ, ಯಾವ ರೂಪ ಹೊಂದುತ್ತದೆ ಎಂಬುದರಿಂದ ಉತ್ತರ ದೊರೆಯುತ್ತದೆ.

ಎಲ್ಲಕ್ಕಿಂತ ಮೋಸದ ಜೋಡಿ ‘ವೇರ್’ (ನೋಡಲು) ಮತ್ತು ‘ವೀರ್’ (ಬರಲು). ‘ವೀರ್’ ಎಂಬುದರ ಪುರುಷಸಹಿತ ಇನ್ಫಿನಿಟಿವ್ ‘ವೀರ್ಮೊಸ್’. ‘ವೇರ್’ ಎಂಬುದರ ಭವಿಷ್ಯತ್ ಸಬ್ಜಂಕ್ಟಿವ್ ಕೂಡ ‘ವೀರ್ಮೊಸ್’! ‘ದೆಪೊಯಿಸ್ ದೆ ವೀರ್ಮೊಸ್’ ಎಂದರೆ ‘ನಾವು ಬಂದ ನಂತರ’, ‘ಕ್ವಾಂದೊ ವೀರ್ಮೊಸ್’ ಎಂದರೆ ‘ನಾವು ನೋಡಿದಾಗ’. ‘ನಾವು ಬಂದಾಗ’ ಎನ್ನಬೇಕಾದರೆ ‘ಕ್ವಾಂದೊ ವಿಯೇರ್ಮೊಸ್’. ಇಲ್ಲಿ ಅರ್ಥವನ್ನು ನಿರ್ಧರಿಸುವುದು ಹಿಂದಿನ ಪದ. ಓದುವಾಗ ಕ್ರಿಯಾಪದದ ಮೇಲೆ ಕಣ್ಣು ನೆಡುವ ಮೊದಲು ಅದರ ಹಿಂದೆ ಏನಿದೆ ಎಂದು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಒಂದು ವಾಕ್ಯವನ್ನು ಪೂರ್ತಿ ಕಟ್ಟೋಣ

‘ಅವರು ಬಂದು ತಲುಪುವ ಮೊದಲು ನಾವು ಅಡುಗೆ ಮುಗಿಸುವುದು ಒಳ್ಳೆಯದು’ ಎಂಬುದನ್ನು ತೆಗೆದುಕೊಳ್ಳಿ. ‘ಒಳ್ಳೆಯದು’ ಎಂಬುದು ‘ಎ ಮೆಲ್ಯೋರ್’. ಅದಕ್ಕೆ ಸ್ವಂತ ಕರ್ತೃವಿಲ್ಲ, ಆದ್ದರಿಂದ ಮುಂದೆ ಬರುವ ಇನ್ಫಿನಿಟಿವ್ ಯಾರದೆಂದು ಅದು ಹೇಳಲಾರದು. ಮುಗಿಸುವವರು ನಾವು: ‘ಅಕಬಾರ್’ ಎಂಬುದಕ್ಕೆ ‘ಮೊಸ್’ ಸೇರಿ ‘ಅಕಬಾರ್ಮೊಸ್’. ಅಡುಗೆ, ಇಲ್ಲಿ ರಾತ್ರಿಯೂಟ, ‘ಒ ಜಂತಾರ್’. ಈಗ ‘ಮೊದಲು’, ಅಂದರೆ ‘ಆಂತೆಸ್ ದೆ’, ಸಂಬಂಧಸೂಚಕ. ತಲುಪುವವರು ಅವರು: ‘ಶೆಗಾರ್’ ಎಂಬುದಕ್ಕೆ ‘ಎಂ’ ಸೇರಿ ‘ಶೆಗಾರೆಂ’. ಒಟ್ಟು ವಾಕ್ಯ: ‘ಎ ಮೆಲ್ಯೋರ್ ಅಕಬಾರ್ಮೊಸ್ ಒ ಜಂತಾರ್ ಆಂತೆಸ್ ದೆ ಎಲೆಸ್ ಶೆಗಾರೆಂ.’

ಅವರು ಯಾರೆಂದು ಮೊದಲೇ ಗೊತ್ತಿದ್ದರೆ ‘ಎಲೆಸ್’ (ಅವರು) ಎಂಬುದನ್ನೂ ಕೈಬಿಡಬಹುದು, ‘ಎಂ’ ಆ ಕೆಲಸ ಮಾಡುತ್ತದೆ. ಪ್ರತ್ಯಯಗಳೆರಡನ್ನೂ ತೆಗೆದು ನೋಡಿ: ‘ಎ ಮೆಲ್ಯೋರ್ ಅಕಬಾರ್ ಒ ಜಂತಾರ್ ಆಂತೆಸ್ ದೆ ಶೆಗಾರ್.’ ಇದು ವ್ಯಾಕರಣಬದ್ಧ ವಾಕ್ಯವೇ. ಆದರೆ ‘ತಲುಪುವ ಮೊದಲು ಅಡುಗೆ ಮುಗಿಸುವುದು ಒಳ್ಳೆಯದು’ ಎಂಬಷ್ಟೇ ಅರ್ಥ ಉಳಿದು, ಎರಡೂ ಕ್ರಿಯೆಗಳು ಯಾರಿಗೂ ಸೇರದೆ ನಿಲ್ಲುತ್ತವೆ. ಕನ್ನಡಿಗರು ಮಾಡುವ ತಪ್ಪು ಇದರ ಮಗ್ಗುಲಲ್ಲೇ ಇದೆ: ನಮ್ಮ ‘ಅವರು ತಲುಪುವ’ ಎಂಬ ರೂಢಿಯಂತೆ ‘ಆಂತೆಸ್ ದೆ ಎಲೆಸ್ ಶೆಗಾರ್’ ಎಂದು ಕರ್ತೃವನ್ನು ಇಟ್ಟು ಪ್ರತ್ಯಯವನ್ನು ಮರೆಯುತ್ತೇವೆ. ಬಹುವಚನದ ಕರ್ತೃ ಬಾಯಿಂದ ಬಂದೊಡನೆ ಪ್ರತ್ಯಯವೂ ಬರಬೇಕು.

ಬೇರೆ ಭಾಷೆಗಳಲ್ಲಿ ಇದು ಏಕಿಲ್ಲ

ಇನ್ಫಿನಿಟಿವ್‌ನ ಕರ್ತೃವನ್ನು ಕೇಳುವವರು ಸಾಮಾನ್ಯವಾಗಿ ಮುಖ್ಯವಾಕ್ಯದಿಂದ ಊಹಿಸುತ್ತಾರೆ. ಊಹಿಸಲಾಗದಿದ್ದಾಗ ಭಾಷೆಗಳಿಗೆ ಸುಲಭದ ದಾರಿಗಳಿವೆ. ಫ್ರೆಂಚ್ ಪೂರ್ಣ ಉಪವಾಕ್ಯಕ್ಕೆ ಹೊರಳಿ ಸಬ್ಜಂಕ್ಟಿವ್ ಬಳಸುತ್ತದೆ. ಇಂಗ್ಲಿಷ್ ‘ಫಾರ್’ ಎಂಬ ಪದದ ಮೂಲಕ ಕರ್ತೃವನ್ನು ತರುತ್ತದೆ. ಕನ್ನಡ ಕರ್ತೃವನ್ನು ಸುಮ್ಮನೆ ಮುಂದಿಡುತ್ತದೆ. ಕರ್ತೃ ಹೀಗೆ ಕಣ್ಣಿಗೆ ಕಾಣುತ್ತಿರುವಾಗ ಕ್ರಿಯಾಪದದ ಮೇಲೂ ಅದರ ಗುರುತು ಹಾಕುವ ಅಗತ್ಯ ಬೀಳುವುದಿಲ್ಲ.

ಸರ್ವನಾಮವನ್ನು ಬಿಟ್ಟು ಮಾತನಾಡುವ ರೂಢಿ ಪೋರ್ಚುಗೀಸಿಗೆ ಇರುವುದರಿಂದ ಪ್ರತ್ಯಯ ಅಲ್ಲಿ ಉಪಯೋಗಕ್ಕೆ ಬರುತ್ತದೆ ಎಂಬುದು ನಿಜ. ಆದರೆ ಸ್ಪ್ಯಾನಿಷ್ ಮತ್ತು ಇಟಾಲಿಯನ್ ಕೂಡ ಸರ್ವನಾಮವನ್ನು ಬಿಡುತ್ತವೆ, ಅವುಗಳಲ್ಲಿ ಇದಿಲ್ಲ. ಹಾಗಾಗಿ ಉಪಯೋಗವೊಂದೇ ಕಾರಣವಾಗಲಾರದು. ಆ ಪ್ರತ್ಯಯಗಳು ಇನ್ಫಿನಿಟಿವ್‌ಗೆ ಬಂದು ಸೇರಲು ಚರಿತ್ರೆಯಲ್ಲಿ ಒಂದು ಬಾಗಿಲು ತೆರೆದಿರಬೇಕಿತ್ತು. ಲ್ಯಾಟಿನ್‌ನ ಇನ್ಫಿನಿಟಿವ್‌ಗೆ ಪುರುಷ ಪ್ರತ್ಯಯಗಳು ಇರಲಿಲ್ಲ. ಪೋರ್ಚುಗೀಸ್ ಮತ್ತು ಸ್ಪೇನ್‌ನ ವಾಯವ್ಯ ಭಾಗದ ಗಲೀಶಿಯನ್ ಎರಡಕ್ಕೂ ಮೂಲವಾದ ಗಲೀಶಿಯನ್-ಪೋರ್ಚುಗೀಸ್ ಭಾಷೆಯ 13ನೇ ಶತಮಾನದ ಬರಹಗಳಲ್ಲಿ ಅವು ಆಗಲೇ ಕಾಣುತ್ತವೆ. ನಡುವೆ ನಡೆದದ್ದೇನು ಎಂಬುದಕ್ಕೆ ವಿದ್ವಾಂಸರು ಎರಡು ವಿವರಣೆಗಳನ್ನು ಕೊಟ್ಟಿದ್ದಾರೆ.

ಮೊದಲ ವಿವರಣೆಯ ಪ್ರಕಾರ ಇದು ಲ್ಯಾಟಿನ್‌ನ ಅಪೂರ್ಣ ಸಬ್ಜಂಕ್ಟಿವ್‌ನಿಂದ ಬಂದದ್ದು. ‘ಮಾಡಲು’ ಎಂಬರ್ಥದ ಲ್ಯಾಟಿನ್ ಕ್ರಿಯಾಪದಕ್ಕೆ ಆ ರೂಪದಲ್ಲಿ ‘ಫಾಕೆರೆಂ, ಫಾಕೆರೆಸ್, ಫಾಕೆರೆತ್’ ಎಂದಿತ್ತು. ಪದಾಂತ್ಯದ ಧ್ವನಿಗಳು ಸವೆದಾಗ ಅದು ‘ಫಜೇರ್, ಫಜೇರೆಸ್, ಫಜೇರ್’ ಎಂದು ಆಗಿರುವುದು ಸಹಜ. ಬೇರೆ ರೋಮಾನ್ಸ್ ಭಾಷೆಗಳು, ಅಂದರೆ ಲ್ಯಾಟಿನ್‌ನಿಂದ ಹುಟ್ಟಿದ ಸೋದರ ಭಾಷೆಗಳು, ಬಹುಪಾಲು ಈ ರೂಪವನ್ನು ಕಳೆದುಕೊಂಡು ಅದರ ಜಾಗಕ್ಕೆ ಇನ್ನೊಂದನ್ನು ತಂದವು. ಅದನ್ನು ಉಳಿಸಿಕೊಂಡಲ್ಲಿ ಮಾತ್ರ ಅದು ಇನ್ಫಿನಿಟಿವ್‌ನ ಪಕ್ಕಕ್ಕೆ ಸರಿಯಲು ಸಾಧ್ಯವಾಯಿತು ಎಂಬುದು ವಾದ. ಈ ವಾದದ ಬಲ ಅನಿಯಮಿತ ಕ್ರಿಯಾಪದಗಳಲ್ಲಿದೆ: ರೂಪ ‘ಫಜೇರ್ಮೊಸ್’ ಎಂದೇ ಏಕಿದೆ ಎಂಬುದಕ್ಕೆ ನೇರ ಉತ್ತರ ಸಿಗುತ್ತದೆ.

ಎರಡನೆಯ ವಿವರಣೆಗೆ ಹಂತ 5ರ ಅವಳಿಯೇ ಆಧಾರ. ಭವಿಷ್ಯತ್ ಸಬ್ಜಂಕ್ಟಿವ್‌ನ ‘ಫಲಾರ್’ ಮತ್ತು ಬರಿಯ ಇನ್ಫಿನಿಟಿವ್ ‘ಫಲಾರ್’ ಒಂದೇ ಧ್ವನಿಯವಾದ್ದರಿಂದ, ಮೊದಲನೆಯದಕ್ಕಿದ್ದ ‘ಎಸ್, ಮೊಸ್, ಎಂ’ ಪ್ರತ್ಯಯಗಳು ಎರಡನೆಯದಕ್ಕೂ ಹಬ್ಬಿದವು. ನಿಯಮಿತ ಕ್ರಿಯಾಪದಗಳಲ್ಲಿ ರೂಢಿಯಾದದ್ದು ಆಮೇಲೆ ಉಳಿದವಕ್ಕೂ ಹೋಯಿತು. ಸ್ಪ್ಯಾನಿಷ್‌ನಲ್ಲಿ ಹೀಗಾಗದ ಕಾರಣವೂ ಇಲ್ಲಿ ಹೊಳೆಯುತ್ತದೆ. ಅದರ ಭವಿಷ್ಯತ್ ಸಬ್ಜಂಕ್ಟಿವ್ ‘ಅಮಾರೆ’ ಎಂದು ಸ್ವರದಲ್ಲಿ ಕೊನೆಗೊಳ್ಳುತ್ತಿತ್ತು, ಇನ್ಫಿನಿಟಿವ್ ‘ಅಮಾರ್’ ಎಂದು ವ್ಯಂಜನದಲ್ಲಿ. ಒಂದು ಸ್ವರದ ಅಂತರ ಉಳಿದದ್ದರಿಂದ ಎರಡೂ ಬೆರೆಯಲಿಲ್ಲ, ಮುಂದೆ ಆ ಸಬ್ಜಂಕ್ಟಿವ್ ಕಾನೂನಿನ ಭಾಷೆಗೆ ಸೀಮಿತವಾಗಿ ಆಡುಮಾತಿನಿಂದಲೇ ಮರೆಯಾಯಿತು. ನನ್ನ ಮಟ್ಟಿಗೆ ಎರಡೂ ವಿವರಣೆಗಳು ಪರಸ್ಪರ ವಿರೋಧಿಗಳಾಗಬೇಕಿಲ್ಲ. ಒಂದು ತಂದ ರೂಪವನ್ನು ಇನ್ನೊಂದು ಗಟ್ಟಿಮಾಡಿರಬಹುದು.

ಆದ್ದರಿಂದ ‘ಪೋರ್ಚುಗೀಸ್ ಹೊರತು ಬೇರೆಲ್ಲೂ ಇಲ್ಲ’ ಎಂಬ ಮಾತನ್ನು ಹಾಗೆಯೇ ನಂಬಬೇಡಿ. ಒಡಹುಟ್ಟಿದ ಗಲೀಶಿಯನ್‌ನಲ್ಲಿ ಇದು ಇದೆ, ಪೋರ್ಚುಗಲ್‌ನ ಈಶಾನ್ಯ ಮೂಲೆಯ ಮಿರಾಂಡೀಸ್‌ನಲ್ಲಿದೆ, ಸಾರ್ಡಿನಿಯ ದ್ವೀಪದ ಕೆಲವು ಉಪಭಾಷೆಗಳಲ್ಲಿ ಇದೆ, ಹಳೆಯ ನೇಪಲ್ಸ್‌ನ ಭಾಷೆಯಲ್ಲಿ ಇತ್ತು. ರೋಮಾನ್ಸ್ ಕುಟುಂಬದ ಹೊರಗೆ ಹಂಗೇರಿಯನ್‌ನಲ್ಲಿಯೂ ಇನ್ಫಿನಿಟಿವ್ ಪುರುಷ ಪ್ರತ್ಯಯಗಳನ್ನು ತೆಗೆದುಕೊಳ್ಳುತ್ತದೆ: ‘ಮೆನ್ನಿ’ ಎಂದರೆ ಹೋಗಲು, ‘ಮೆನ್ನೆಂ ಕೆಲ್’ ಎಂದರೆ ‘ನಾನು ಹೋಗಬೇಕು’. ಆದರೆ ಅಲ್ಲಿ ಅದು ಬೇಕು, ಸಾಧ್ಯ, ಒಳ್ಳೆಯದು ಎಂಬಂಥ ಮಾತುಗಳ ಜೊತೆಗೆ ಮಾತ್ರ ಬರುತ್ತದೆ, ಕರ್ತೃವೂ ಕನ್ನಡದ ‘ನನಗೆ’ ಎಂಬಂತೆ ಚತುರ್ಥಿ ವಿಭಕ್ತಿಯಲ್ಲಿರುತ್ತದೆ. ‘ಮೊದಲು’, ‘ನಂತರ’, ‘ಇಲ್ಲದೆ’ ಎಂಬುವುಗಳ ಜೊತೆಗೂ ಪ್ರಥಮಾ ವಿಭಕ್ತಿಯ ಕರ್ತೃವಿನೊಡನೆ ಸಲೀಸಾಗಿ ಓಡಾಡುವುದು ಪೋರ್ಚುಗೀಸ್ ಮತ್ತು ಅದರ ಹತ್ತಿರದ ಬಳಗದ ಲಕ್ಷಣ.

ಸ್ಪ್ಯಾನಿಷ್ ಕಲಿತ ಮೇಲೆ ಪೋರ್ಚುಗೀಸಿಗೆ ಬರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಸ್ಪ್ಯಾನಿಷ್‌ನಲ್ಲಿ ‘ಆಂತೆಸ್ ದೆ ಯೆಗಾರ್ ನೊಸೋತ್ರೊಸ್’ ಎಂದು ಬರಿಯ ಇನ್ಫಿನಿಟಿವ್ ಆದ ಮೇಲೆ ‘ನಾವು’ ಎಂಬುದನ್ನು ಇಟ್ಟು ‘ನಾವು ತಲುಪುವ ಮೊದಲು’ ಎನ್ನಲು ಅವಕಾಶವಿದೆ; ಅಂದರೆ ಕರ್ತೃವಿಗೆ ಜಾಗ ಅಲ್ಲೂ ಇದೆ, ಗುರುತಷ್ಟೇ ಇಲ್ಲ. ಅದನ್ನು ಪೋರ್ಚುಗೀಸಿಗೆ ತರುವಾಗ ಪದಕ್ಕೆ ಪದ ಬದಲಿಸಬೇಡಿ. ಕೊನೆಯ ಸರ್ವನಾಮವನ್ನು ತೆಗೆದುಹಾಕಿ, ಕ್ರಿಯಾಪದಕ್ಕೆ ‘ಮೊಸ್’ ಸೇರಿಸಿ: ‘ಆಂತೆಸ್ ದೆ ಶೆಗಾರ್ಮೊಸ್.’